ಊರಲ್ಲಿ ಮನೆ ಇಂಟರ್ನೆಟ್: ಫೈಬರ್ ಎಳೆಸುವುದೋ, 5ಜಿ ಏರ್‌ಫೈಬರ್ ಹಾಕಿಸುವುದೋ? ಅಳೆದು ನೋಡಿ ನಿರ್ಧರಿಸುವ ಬಗೆ

ಕಳೆದ ಮೇ ತಿಂಗಳಲ್ಲಿ ಸಾಗರದಿಂದ ಅಕ್ಕ ಫೋನ್ ಮಾಡಿದಳು. ಒಂದೇ ವಾರದಲ್ಲಿ ಇಬ್ಬರು ಅವಳ ಮನೆಗೆ ಬಂದು ಹೋಗಿದ್ದರು. ಒಬ್ಬರು ಲೋಕಲ್ ಕೇಬಲ್‌ನವರು. ಕಂಬದಿಂದ ಫೈಬರ್ ಎಳೆದುಕೊಡುತ್ತೇವೆ ಅಂದಿದ್ದರು. ಇನ್ನೊಬ್ಬರು ಫೋನ್ ಕಂಪನಿಯ ಕಡೆಯವರು. ಏರ್‌ಫೈಬರ್ ಅಂತ, ಟವರ್‌ನಿಂದ ಗಾಳಿಯಲ್ಲೇ ಬರುತ್ತದೆ, ತಾರಸಿ ಮೇಲೆ ಒಂದು ಡಬ್ಬಿ ಕೂರಿಸಿದರೆ ಸಾಕು, ಬೀದಿಯಿಂದ ವೈರ್ ಎಳೆಯೋದೇ ಬೇಡ ಅಂದಿದ್ದರು. ಇಬ್ಬರೂ ಹೇಳಿದ್ದು ನೂರು ಎಂಬಿಪಿಎಸ್ ವೇಗ. "ಎರಡೂ ನೂರೇ ಅಂದ್ರೆ ಯಾವುದು ಹಾಕ್ಸಲಿ ಹೇಳೋ" ಅಂತ ಅಕ್ಕ ಕೇಳಿದಳು.

ಫೋನಲ್ಲೇ ಉತ್ತರ ಹೇಳಲು ನನಗೆ ಆಗಲಿಲ್ಲ. ಈ ಎರಡರಲ್ಲಿ ಯಾವುದು ಒಳ್ಳೆಯದು ಅನ್ನುವುದು ಊರಿಗೂ ಗೊತ್ತಿರುವುದಿಲ್ಲ, ಕಂಪನಿಗೂ ಗೊತ್ತಿರುವುದಿಲ್ಲ. ನಿಮ್ಮ ಮನೆ ಮುಂದಿನ ಕಂಬ ಮತ್ತು ನಿಮ್ಮ ತಾರಸಿ, ಇವೆರಡನ್ನು ನೋಡಿಯೇ ಹೇಳಬೇಕು. ಒಂದೇ ಬೀದಿಯಲ್ಲಿ ಒಂದು ಮನೆಗೆ ಫೈಬರ್ ಸರಿ, ನಾಲ್ಕು ಮನೆ ಆಚೆಗೆ ಏರ್‌ಫೈಬರ್ ಸರಿ ಆಗಬಹುದು. ಆ ವಾರ ರಜೆ ಹಾಕಿ ಹೋಗಿ, ಎರಡು ದಿನ ಅಳೆದು ನೋಡಿದೆವು. ಹಾಗೆ ಅಳೆಯುವ ಬಗೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಒಂದು 5ಜಿ ಫೋನ್, ಒಂದು ಲ್ಯಾಪ್‌ಟಾಪ್, ಒಂದು ನೆಟ್‌ವರ್ಕ್ ಕೇಬಲ್ ಇದ್ದರೆ ಸಾಕು.

ಮೊದಲು: ಮನೆಯಲ್ಲಿ ನಿಜವಾಗಿ ಏನೇನು ನಡೆಯುತ್ತದೆ?

ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅಕ್ಕನ ಮನೆಯಲ್ಲಿ ಭಾವ ಸಂಜೆಯಿಂದ ಟಿವಿ ನೋಡುತ್ತಾರೆ. ಅಕ್ಕನ ಮಗಳು ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ, ದಿನಕ್ಕೆ ಮೂರು ತಾಸು ವಿಡಿಯೋ ಕಾಲ್ ಇರುತ್ತದೆ. ಗೇಟಿನ ಹತ್ತಿರ ಎರಡು ಸಿಸಿಟಿವಿ ಕ್ಯಾಮೆರಾ ಇವೆ. ಉಳಿದದ್ದು ಫೋನುಗಳು.

ಈಗ ಇದನ್ನು ಡೇಟಾ ಲೆಕ್ಕಕ್ಕೆ ತನ್ನಿ. ಎಚ್‌ಡಿ ವಿಡಿಯೋ ತಾಸಿಗೆ ಸುಮಾರು 3 ಜಿಬಿ ತಿನ್ನುತ್ತದೆ, 4ಕೆ ಆದರೆ ಸುಮಾರು 7. ವಿಡಿಯೋ ಕಾಲ್‌ಗೆ ತಾಸಿಗೆ ಒಂದೂವರೆ ಜಿಬಿ ಹಿಡಿಯಿರಿ. ಭಾವನ ಐದು ತಾಸಿನ ಟಿವಿಗೆ 15, ಕಾಲ್‌ಗಳಿಗೆ ನಾಲ್ಕೂವರೆ, ಫೋನುಗಳಿಗೆ 5. ದಿನಕ್ಕೆ ಸುಮಾರು 25 ಜಿಬಿ, ತಿಂಗಳಿಗೆ 750.

ಈ 750 ಯಾಕೆ ಮುಖ್ಯ ಅಂದರೆ, 'ಅನ್‌ಲಿಮಿಟೆಡ್' ಅನ್ನುವ ಪ್ಲಾನ್‌ಗೂ ಒಂದು ಮಿತಿ ಇರುತ್ತದೆ. ಅದನ್ನು ದಾಟಿದರೆ ತಿಂಗಳ ಉಳಿದ ದಿನಗಳಿಗೆ ವೇಗ ತೀರಾ ಇಳಿದುಬಿಡುತ್ತದೆ. ಜಿಯೋ ಫೈಬರ್‌ನಲ್ಲಿ ಆ ಮಿತಿ ತಿಂಗಳಿಗೆ 3,300 ಜಿಬಿ ಇದ್ದರೆ, ಏರ್‌ಫೈಬರ್‌ನಲ್ಲಿ 1,000 ಜಿಬಿ ಇಟ್ಟಿದ್ದರು. ಟವರ್‌ನ ಸಾಮರ್ಥ್ಯವನ್ನು ಎಲ್ಲರೂ ಹಂಚಿಕೊಳ್ಳಬೇಕಲ್ಲ, ಅದಕ್ಕೇ ಈ ವ್ಯತ್ಯಾಸ. ಅಕ್ಕನ ಮನೆ 750ರಲ್ಲಿ ಸಾವಿರದ ಒಳಗೇ ಇದೆ. ಆದರೆ ಭಾವ ನಾಳೆ 4ಕೆ ಟಿವಿ ತಂದರೆ ಟಿವಿಗೇ ದಿನಕ್ಕೆ 35 ಜಿಬಿ, ಒಟ್ಟು ತಿಂಗಳಿಗೆ 1,300 ದಾಟುತ್ತದೆ. ಹಾಗಾಗಿ ಪ್ಲಾನ್ ಕೇಳುವಾಗ ಎಂಬಿಪಿಎಸ್ ಜೊತೆ "ತಿಂಗಳಿಗೆ ಎಷ್ಟು ಜಿಬಿ ಆದಮೇಲೆ ಸ್ಪೀಡ್ ಕಡಿಮೆ ಮಾಡ್ತೀರಾ?" ಅಂತ ಬಾಯಿಬಿಟ್ಟು ಕೇಳಿ.

ಇನ್ನೊಂದು ವಿಷಯ ಅಪ್‌ಲೋಡ್. ಜಾಹೀರಾತಿನಲ್ಲಿ ಬರುವ ನೂರು ಡೌನ್‌ಲೋಡ್ ವೇಗ. ಫೈಬರ್ ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ ಅಪ್‌ಲೋಡ್ ಕೂಡ ಅಷ್ಟೇ ಇರುತ್ತದೆ. 5ಜಿಯಲ್ಲಿ ಒಂದೇ ತರಂಗಾಂತರವನ್ನು ಡೌನ್‌ಲೋಡ್‌ಗೂ ಅಪ್‌ಲೋಡ್‌ಗೂ ಸರದಿ ಪ್ರಕಾರ ಬಳಸುತ್ತಾರೆ. ಸರದಿಯ ಹೆಚ್ಚಿನ ಪಾಲು ಡೌನ್‌ಲೋಡ್‌ಗೆ ಹೋಗುತ್ತದೆ, ಜೊತೆಗೆ ನಿಮ್ಮ ತಾರಸಿಯ ಡಬ್ಬಿಗೆ ಟವರ್‌ನಷ್ಟು ಶಕ್ತಿ ಇರುವುದಿಲ್ಲ. ಆದ್ದರಿಂದ ಅಪ್‌ಲೋಡ್ ಯಾವಾಗಲೂ ಸಣ್ಣದು. ಟಿವಿ ನೋಡುವವರಿಗೆ ಇದರಿಂದ ಏನೂ ತೊಂದರೆ ಇಲ್ಲ. ವಿಡಿಯೋ ಕಾಲ್ ಮಾಡುವವರು, ಆಫೀಸಿನ ಫೈಲ್ ಕಳಿಸುವವರು, ಕ್ಯಾಮೆರಾ ಹಾಕಿಸಿದವರು ಇದನ್ನೇ ಮೊದಲು ನೋಡಬೇಕು. ಅಕ್ಕನ ಮಗಳು ಒಂದೇ ಮಾತು ಹೇಳಿದಳು: "ಮಾಮ, ನಂಗೆ ಸ್ಪೀಡ್ ಬೇಡ, ಮೀಟಿಂಗ್‌ನಲ್ಲಿ ಮಾತಾಡ್ತಾ ಇರುವಾಗ ಕಟ್ ಆಗ್ಬಾರ್ದು ಅಷ್ಟೇ." ಈ ಒಂದು ಮಾತಿನಿಂದ ನಮ್ಮ ಅರ್ಧ ಕೆಲಸ ಮುಗಿಯಿತು.

ಎರಡನೆಯದು: ಫೈಬರ್ ಬರುವ ದಾರಿಯನ್ನು ನಡೆದು ನೋಡಿ

ಮನೆ ಗೇಟಿನಿಂದ ಹೊರಗೆ ಬಂದು, ಫೈಬರ್ ಎಲ್ಲಿಂದ ಬರುತ್ತದೆ ಅಂತ ಆ ಕೇಬಲ್‌ನವರನ್ನೇ ಕೇಳಿ, ಅವರ ಜೊತೆ ಅಲ್ಲಿಯವರೆಗೂ ನಡೆಯಿರಿ. ಕಂಬದ ಮೇಲೆ ಒಂದು ಕಪ್ಪು ಡಬ್ಬಿ ಇರುತ್ತದೆ. ದಪ್ಪ ಕೇಬಲ್‌ನಿಂದ ಮನೆಮನೆಗೆ ಹೋಗುವ ತೆಳು ಎಳೆಗಳು ಅಲ್ಲಿಂದಲೇ ಕವಲೊಡೆಯುತ್ತವೆ. ಅಕ್ಕನ ಮನೆಗೆ ಆ ಡಬ್ಬಿ ಸುಮಾರು ನಲವತ್ತು ಮೀಟರ್ ದೂರ. ನಡುವೆ ಪಕ್ಕದ ಮನೆಯ ಹಲಸಿನ ಮರ. ಎಳೆ ಆ ಮರದ ಕೊಂಬೆಯನ್ನು ಸವರಿಕೊಂಡೇ ಬರಬೇಕು. ಮಲೆನಾಡಿನ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ.

ಡಬ್ಬಿಯ ಕೆಳಗೆ ನಿಂತು ಒಂದು ಪ್ರಶ್ನೆ ಕೇಳಿ: "ನಿಮ್ಮ ಲೈನ್‌ನಲ್ಲಿ ಕಂಬದ ಮೇಲೆ ಕರೆಂಟ್ ಬೇಕಾಗುವ ಸ್ವಿಚ್ ಏನಾದ್ರೂ ಇದೆಯಾ?" ಸರಿಯಾದ ಫೈಬರ್ ಜಾಲದಲ್ಲಿ, ಅಂದರೆ ಜಿಪಾನ್ ಅಂತ ಕರೆಯುವ ವ್ಯವಸ್ಥೆಯಲ್ಲಿ, ಕೇಬಲ್‌ನವರ ಆಫೀಸಿನಿಂದ ನಿಮ್ಮ ಮನೆಯವರೆಗೆ ನಡುವೆ ಎಲ್ಲೂ ಕರೆಂಟ್ ಬೇಕಿಲ್ಲ. ಫೈಬರ್‌ನಲ್ಲಿ ಹರಿಯುವ ಬೆಳಕನ್ನು ಹಂಚುವುದು ಸ್ಪ್ಲಿಟರ್ ಅನ್ನುವ ಒಂದು ಗಾಜಿನ ತುಂಡು. ಅವರ ಆಫೀಸಿನಲ್ಲಿ ಬ್ಯಾಟರಿ ಇದ್ದು ನಿಮ್ಮ ಮನೆಯಲ್ಲೂ ಇದ್ದರೆ, ಊರೆಲ್ಲ ಕತ್ತಲಾದರೂ ಇಂಟರ್ನೆಟ್ ನಡೆಯುತ್ತದೆ. ಕೆಲವು ಕಡೆ ಹಳೆಯ ಪದ್ಧತಿ ಉಳಿದಿದೆ. ಬೀದಿಯಲ್ಲಿ ಯಾರದೋ ಮನೆಯಲ್ಲಿ ಒಂದು ಸ್ವಿಚ್ ಇಟ್ಟು, ಅಲ್ಲಿಂದ ನೀಲಿ ನೆಟ್‌ವರ್ಕ್ ಕೇಬಲ್ ಎಳೆದಿರುತ್ತಾರೆ. ಆ ಮನೆಯ ಕರೆಂಟ್ ಹೋದರೆ ಇಡೀ ಬೀದಿಗೆ ಇಂಟರ್ನೆಟ್ ಇಲ್ಲ. ಇದನ್ನೂ 'ಫೈಬರ್' ಅಂತಲೇ ಮಾರುತ್ತಾರೆ. ಮನೆಯೊಳಗೆ ಬರುವ ತಂತಿ ತೆಳ್ಳಗಿದ್ದು, ಅದರ ತುದಿಯ ಕನೆಕ್ಟರ್ ಹಸಿರು ಅಥವಾ ನೀಲಿ ಬಣ್ಣದ ಚೌಕದ ಪ್ಲಾಸ್ಟಿಕ್ ಆಗಿದ್ದರೆ ಅದು ಫೈಬರ್. ಲ್ಯಾಪ್‌ಟಾಪ್‌ಗೆ ಚುಚ್ಚುವಂಥ ಪಾರದರ್ಶಕ ತುದಿ ಇದ್ದರೆ ಅಲ್ಲ.

ಇನ್ನು ಅಕ್ಕಪಕ್ಕದವರನ್ನು ಕೇಳುವ ಕೆಲಸ. "ಚೆನ್ನಾಗಿದೆಯಾ?" ಅಂತ ಕೇಳಬೇಡಿ, ಎಲ್ಲರೂ ಪರವಾಗಿಲ್ಲ ಅನ್ನುತ್ತಾರೆ. "ಕೊನೇ ಸಲ ಯಾವಾಗ ಹೋಗಿತ್ತು? ಎಷ್ಟು ದಿನಕ್ಕೆ ಬಂತು? ಯಾರಿಗೆ ಫೋನ್ ಮಾಡಿದ್ರಿ?" ಅಂತ ಕೇಳಿ. ಎರಡು ಮನೆ ಆಚೆಯ ಮೇಷ್ಟ್ರು ನಮಗೆ ಸರಿಯಾಗಿ ಹೇಳಿದರು. ಹಿಂದಿನ ಜುಲೈನಲ್ಲಿ ಕೊಂಬೆ ಬಿದ್ದು ನಾಲ್ಕು ದಿನ ಹೋಗಿತ್ತು. ಅದು ಬಿಟ್ಟರೆ ವರ್ಷದಲ್ಲಿ ಎರಡು ಸಲ, ಎರಡೂ ಅದೇ ದಿನ ಸರಿಯಾಗಿದ್ದವು. ಲೈನ್ ನೋಡಿಕೊಳ್ಳುವ ಹುಡುಗನ ನಂಬರ್ ಅವರ ಫೋನಲ್ಲಿತ್ತು. ಅವನ ಹತ್ತಿರ ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್ ಊರಲ್ಲೇ ಇದೆ ಅನ್ನುವುದೂ ಗೊತ್ತಾಯಿತು. ನನ್ನ ಪ್ರಕಾರ ಇದು ನೂರು ಎಂಬಿಪಿಎಸ್‌ಗಿಂತ ದೊಡ್ಡ ವಿಷಯ. ಮೆಷಿನ್ ಬೇರೆ ಊರಿಂದ ಬರಬೇಕು ಅಂತಾದರೆ, ತುಂಡಾದ ಪ್ರತಿ ಸಲವೂ ಕಾಯಬೇಕಾಗುತ್ತದೆ.

ಮೂರನೆಯದು: ತಾರಸಿ ಹತ್ತಿ 5ಜಿ ಅಳೆಯಿರಿ

ಇಲ್ಲಿ ಮೊದಲೇ ಒಂದು ಎಚ್ಚರಿಕೆ. ಏರ್‌ಫೈಬರ್ ಅಂದ ಕೂಡಲೇ 5ಜಿ ಅಂದುಕೊಳ್ಳಬೇಡಿ. ಜಿಯೋ ಇದೇ ಹೆಸರಿನಲ್ಲಿ ಎರಡು ಬಗೆಯ ಸಂಪರ್ಕ ಕೊಡುತ್ತದೆ. ಒಂದು 5ಜಿ ಟವರ್‌ನಿಂದ ಬರುವುದು. ಇನ್ನೊಂದು ಯುಬಿಆರ್, ಅಂದರೆ ಲೈಸೆನ್ಸ್ ಬೇಡದ ತರಂಗಾಂತರದಲ್ಲಿ ಕಂಬದ ಆಂಟೆನಾದಿಂದ ನಿಮ್ಮ ತಾರಸಿಯ ಆಂಟೆನಾಗೆ ನೇರವಾಗಿ ಬರುವುದು. ಯುಬಿಆರ್ ಆದರೆ ಎರಡು ಆಂಟೆನಾ ಒಂದಕ್ಕೊಂದು ಅಡ್ಡಿಯಿಲ್ಲದೆ ಕಾಣಬೇಕು. ಫೋನಿನಿಂದ ಅದನ್ನು ಅಳೆಯಲು ಬರುವುದಿಲ್ಲ. ಹಾಗಾಗಿ "ನಮ್ಮನೆಗೆ 5ಜಿನಾ, ಯುಬಿಆರಾ?" ಅಂತ ಮೊದಲು ಕೇಳಿ. ಮುಂದೆ ಬರೆದಿರುವುದು 5ಜಿಗೆ.

ಅದೇ ಕಂಪನಿಯ ಸಿಮ್ ಇರುವ 5ಜಿ ಫೋನ್ ಹಿಡಿದು ತಾರಸಿಗೆ ಹೋಗಿ. ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ. ಜಿಯೋದ 5ಜಿ ಮುಖ್ಯವಾಗಿ ಎರಡು ತರಂಗಾಂತರದಲ್ಲಿ ಬರುತ್ತದೆ. 700 ಮೆಗಾಹರ್ಟ್ಸ್‌ನದು ಗೋಡೆ ದಾಟಿ ಮನೆಯೊಳಗೂ ಬರುತ್ತದೆ, ಆದರೆ ದಾರಿ ಕಿರಿದು, ಜಾಸ್ತಿ ಡೇಟಾ ಹರಿಯಲ್ಲ. 3,300 ಮೆಗಾಹರ್ಟ್ಸ್‌ನದು ಅಗಲವಾದ ದಾರಿ, ಆದರೆ ಗೋಡೆ, ಮರ ಬಂದರೆ ಸೋತುಹೋಗುತ್ತದೆ. ಮನೆಯೊಳಗೆ ಕಡ್ಡಿ ಪೂರ್ತಿ ಇದ್ದರೂ ವೇಗ ಇಲ್ಲದಿರುವುದು ಇದೇ ಕಾರಣಕ್ಕೆ. ನೆಟ್‌ವರ್ಕ್ ಮಾಹಿತಿ ತೋರಿಸುವ ಯಾವುದಾದರೂ ಉಚಿತ ಆ್ಯಪ್ ಹಾಕಿಕೊಂಡರೆ, `n28` ಅಂತ ಬಂದರೆ ಮೊದಲನೆಯದು, `n78` ಅಂತ ಬಂದರೆ ಎರಡನೆಯದು. ಮನೆ ಇಂಟರ್ನೆಟ್‌ಗೆ ನಮಗೆ ಬೇಕಾಗಿರುವುದು `n78`.

ಅದೇ ಆ್ಯಪ್‌ನಲ್ಲಿ ಎರಡು ಅಂಕಿ ನೋಡಿ. `RSRP` ಅನ್ನುವುದು ಸಿಗ್ನಲ್ ಎಷ್ಟು ಗಟ್ಟಿ ಅನ್ನುವುದಕ್ಕೆ. ಮೈನಸ್‌ನಲ್ಲಿ ಇರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. -85ರ ಆಸುಪಾಸು ಬಂದರೆ ಚೆನ್ನ, -100 ದಾಟಿದರೆ ಕಷ್ಟ. `SINR` ಅನ್ನುವುದು ಗದ್ದಲದ ನಡುವೆ ಮಾತು ಎಷ್ಟು ಸ್ಪಷ್ಟ ಅನ್ನುವುದಕ್ಕೆ. 15ರ ಮೇಲಿದ್ದರೆ ಖುಷಿ, 5ರ ಕೆಳಗೆ ಇಳಿದರೆ ಸಿಗ್ನಲ್ ಗಟ್ಟಿಯಿದ್ದರೂ ಉಪಯೋಗವಿಲ್ಲ.

ಅಕ್ಕನ ಮನೆಯ ತಾರಸಿಗೆ, ಮಲೆನಾಡಿನ ಬಹಳ ಮನೆಗಳ ಹಾಗೆ, ಮಳೆಗೆ ಅಂತ ಕಬ್ಬಿಣದ ಟ್ರಸ್ ಮೇಲೆ ತಗಡಿನ ಶೀಟ್ ಹಾಕಿಸಿದ್ದಾರೆ. ಅಡಿಕೆ ಹರಡಲು, ಬಟ್ಟೆ ಒಣಗಿಸಲು ಅದು ಬೇಕೇ ಬೇಕು. ಆ ಶೀಟಿನ ಕೆಳಗೆ ನಡುವಿನಲ್ಲಿ ನಿಂತಾಗ `RSRP` -103 ಇತ್ತು. ಪೂರ್ವದ ಮೂಲೆಗೆ ಬಂದು ಪ್ಯಾರಾಪೆಟ್ ಗೋಡೆಯ ಆಚೆಗೆ ಕೈ ಚಾಚಿದೆ. -91. ಭಾವ ಏಣಿ ತಂದರು. ಶೀಟಿನ ಅಂಚಿಗಿಂತ ಮೇಲೆ ಫೋನ್ ಹಿಡಿದಾಗ -84 ಬಂತು. ಐದಾರು ಹೆಜ್ಜೆ, ಒಂದು ಏಣಿ, ಅಷ್ಟರಲ್ಲೇ ಇಷ್ಟು ವ್ಯತ್ಯಾಸ. ಅಳವಡಿಸಲು ಬರುವ ಹುಡುಗರು ಕೆಲಸ ಬೇಗ ಮುಗಿಯಲಿ ಅಂತ ಶೀಟಿನ ಕೆಳಗಿನ ಕಂಬಕ್ಕೇ ಡಬ್ಬಿ ಕಟ್ಟಿಬಿಡುವ ಸಾಧ್ಯತೆ ಉಂಟು. ನಿಮ್ಮ ಮನೆಗೂ ಶೀಟ್ ಇದ್ದರೆ, ಶೀಟಿನ ಮೇಲಕ್ಕೆ ಪೈಪ್ ಎತ್ತಿ ಕೂರಿಸುತ್ತಾರಾ ಅಂತ ಮೊದಲೇ ಮಾತಾಡಿ. ಟವರ್ ಮತ್ತು ತಾರಸಿಯ ನಡುವೆ ಎಲೆ ಉದುರಿಸುವ ಮರ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೇಸಿಗೆಯಲ್ಲಿ ಬೋಳಾಗಿದ್ದ ಮರ ಜುಲೈನಲ್ಲಿ ಒದ್ದೆ ಎಲೆ ತುಂಬಿಕೊಂಡು ನಿಲ್ಲುತ್ತದೆ. ಈ ತರಂಗಾಂತರಕ್ಕೆ ಮಳೆಹನಿಗಿಂತ ಒದ್ದೆ ಎಲೆಯೇ ದೊಡ್ಡ ಅಡ್ಡಿ.

ನಾಲ್ಕನೆಯದು: ರಾತ್ರಿ ಒಂಬತ್ತಕ್ಕೆ ಮತ್ತೆ ಅಳೆಯಿರಿ

ಮಾರುವವರು ಹಗಲಿನಲ್ಲಿ ಬಂದು ಸ್ಪೀಡ್ ಟೆಸ್ಟ್ ತೋರಿಸುತ್ತಾರೆ. ಅದು ಸುಳ್ಳಲ್ಲ, ಆದರೆ ನೀವು ಇಂಟರ್ನೆಟ್ ಬಳಸುವುದು ಊರೆಲ್ಲ ಬಳಸುವ ಹೊತ್ತಿನಲ್ಲೇ. ಟವರ್‌ನ ಒಂದು ದಿಕ್ಕಿನ ಸಾಮರ್ಥ್ಯವನ್ನು ಆ ದಿಕ್ಕಿನ ಎಲ್ಲ ಫೋನುಗಳೂ, ಎಲ್ಲ ಏರ್‌ಫೈಬರ್ ಮನೆಗಳೂ ಹಂಚಿಕೊಳ್ಳುತ್ತವೆ. ಫೈಬರ್‌ನಲ್ಲೂ ಹಂಚಿಕೆ ಇದೆ. ಜಿಪಾನ್‌ನ ಒಂದು ಎಳೆಯ ಸುಮಾರು 2.5 ಗಿಗಾಬಿಟ್‌ ಅನ್ನು ಸಾಮಾನ್ಯವಾಗಿ 32 ಅಥವಾ 64 ಮನೆ ಹಂಚಿಕೊಳ್ಳುತ್ತವೆ. ಆದರೆ ಅಲ್ಲಿ ಎಷ್ಟು ಮನೆ ಅನ್ನುವುದಕ್ಕೆ ಮಿತಿ ಇದೆ. ಟವರ್ ಕೆಳಗೆ ಇಂದು ಎಷ್ಟು ಜನ ಅನ್ನುವುದು ಜಾತ್ರೆ, ಹಬ್ಬ, ಕ್ರಿಕೆಟ್ ಮ್ಯಾಚ್ ಮೇಲೆ ನಿಂತಿರುತ್ತದೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಆಗ ಪೇಟೆಯ ಟವರ್‌ಗಳ ಮೇಲೆ ಎಷ್ಟು ಹೊರೆ ಬೀಳುತ್ತದೆ ಅಂತ ಊಹಿಸಿಕೊಳ್ಳಿ.

ವೇಗದ ಜೊತೆ ಸ್ಥಿರತೆ ಅಳೆಯಬೇಕು. ಫೋನಿನ ಹಾಟ್‌ಸ್ಪಾಟ್‌ಗೆ ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್ ಸೇರಿಸಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಟೈಪ್ ಮಾಡಿ:

```
ping -n 300 1.1.1.1
```

ಮ್ಯಾಕ್ ಅಥವಾ ಲಿನಕ್ಸ್ ಆದರೆ `-n` ಬದಲು `-c`. ಇದು ಸುಮಾರು ಐದು ನಿಮಿಷ ಸೆಕೆಂಡಿಗೊಂದು ಸಣ್ಣ ಪೊಟ್ಟಣ ಕಳಿಸಿ, ಎಷ್ಟು ಮಿಲಿಸೆಕೆಂಡಿಗೆ ವಾಪಸ್ ಬಂತು ಅಂತ ಬರೆಯುತ್ತದೆ. ಕೊನೆಗೆ ಬರುವ ಸಾಲುಗಳಲ್ಲಿ ಸರಾಸರಿಯನ್ನು ನೋಡುವುದಕ್ಕಿಂತ ಗರಿಷ್ಠ ಎಷ್ಟು, ಕಳೆದುಹೋದದ್ದು ಎಷ್ಟು ಅಂತ ನೋಡಿ. ಸರಾಸರಿ 40 ಇದ್ದು ಆಗಾಗ 250ಕ್ಕೆ ಹಾರಿದರೆ, ಮೀಟಿಂಗ್‌ನಲ್ಲಿ ದನಿ ಅಲ್ಲಲ್ಲಿ ನುಂಗಿಹೋಗುತ್ತದೆ. ಟಿವಿಗೆ ಅದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ವಿಡಿಯೋ ಮೊದಲೇ ಸ್ವಲ್ಪ ತುಂಬಿಟ್ಟುಕೊಂಡಿರುತ್ತದೆ.

ನಮಗೆ ಸಿಕ್ಕ ಅಂಕಿಗಳು ಹೀಗಿದ್ದವು. ಮಧ್ಯಾಹ್ನ ಎರಡಕ್ಕೆ ತಾರಸಿಯ ಮೂಲೆಯಲ್ಲಿ 5ಜಿ ಡೌನ್‌ಲೋಡ್ 210, ಅಪ್‌ಲೋಡ್ 22. ನೋಡಿ ಭಾವನಿಗೆ ಬಹಳ ಖುಷಿಯಾಯಿತು. ರಾತ್ರಿ ಒಂಬತ್ತೂಕಾಲಿಗೆ ಅದೇ ಜಾಗದಲ್ಲಿ ಡೌನ್‌ಲೋಡ್ 64, ಅಪ್‌ಲೋಡ್ 9. ಪಿಂಗ್ ಸರಾಸರಿ 38, ಗರಿಷ್ಠ 240, ಮುನ್ನೂರರಲ್ಲಿ ಎರಡು ವಾಪಸ್ ಬರಲೇ ಇಲ್ಲ. ಆಮೇಲೆ ಮೇಷ್ಟ್ರ ಮನೆಗೆ ಹೋದೆವು. ಅವರ ಫೈಬರ್ ರೌಟರ್‌ಗೆ ನೆಟ್‌ವರ್ಕ್ ಕೇಬಲ್ ಚುಚ್ಚಿ ನೋಡಿದಾಗ 97 ಮತ್ತು 95. ಪಿಂಗ್ ಸರಾಸರಿ 14, ಗರಿಷ್ಠ 31, ಒಂದೂ ಕಳೆದಿರಲಿಲ್ಲ. ಫೈಬರ್ ಅಳೆಯುವಾಗ ವೈಫೈ ಮೇಲೆ ಅಳೆಯಬೇಡಿ, ಗೋಡೆಯ ದೋಷ ಲೈನ್ ಮೇಲೆ ಬೀಳುತ್ತದೆ.

ಒಂದು ನ್ಯಾಯದ ಮಾತು ಹೇಳಬೇಕು. ತಾರಸಿಯ ಡಬ್ಬಿಯ ಆಂಟೆನಾ ಫೋನಿನದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಆದ್ದರಿಂದ ಫೋನಿನಲ್ಲಿ ಬಂದದ್ದಕ್ಕಿಂತ ಡಬ್ಬಿಯಲ್ಲಿ ಸ್ವಲ್ಪ ಜಾಸ್ತಿಯೇ ಬರಬಹುದು. ಆದರೆ ರಾತ್ರಿಯ ಜನಜಂಗುಳಿಯನ್ನು ಯಾವ ಆಂಟೆನಾವೂ ಕಡಿಮೆ ಮಾಡುವುದಿಲ್ಲ. ಹಗಲಿಗೂ ರಾತ್ರಿಗೂ ಇರುವ ಅಂತರವೇ ನೋಡಬೇಕಾದದ್ದು. ಅಂತರ ಕಡಿಮೆ ಇದ್ದರೆ ಟವರ್‌ನಲ್ಲಿ ಇನ್ನೂ ಜಾಗ ಇದೆ. ನಮ್ಮಲ್ಲಿ ಮೂರನೇ ಒಂದು ಪಾಲಿಗಿಂತ ಕೆಳಗೆ ಇಳಿದಿತ್ತು. ಮುಂದಿನ ವರ್ಷ ಆ ಟವರ್‌ಗೆ ಇನ್ನಷ್ಟು ಮನೆಗಳು ಸೇರುತ್ತವೆ ಅಂತಲೇ ಹಿಡಿಯಬೇಕು.

ಕರೆಂಟ್ ಮತ್ತು ಸಿಡಿಲು

ಮಲೆನಾಡಿನಲ್ಲಿ ಇವೆರಡನ್ನು ಬಿಟ್ಟು ನಿರ್ಧಾರ ಮಾಡಲು ಆಗುವುದಿಲ್ಲ. ಫೈಬರ್‌ನ ಡಬ್ಬಿಗಳು ಸಾಮಾನ್ಯವಾಗಿ 12 ವೋಲ್ಟ್‌ನಲ್ಲಿ ನಡೆಯುತ್ತವೆ. ರೌಟರ್‌ಗೆ ಅಂತಲೇ ಬರುವ ಅಂಗೈಯಗಲದ ಮಿನಿ ಯುಪಿಎಸ್ ಹಾಕಿದರೆ ಎರಡು ಮೂರು ತಾಸು ಓಡುತ್ತದೆ. ಕೊಳ್ಳುವ ಮುಂಚೆ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪ್ ನೋಡಿಕೊಳ್ಳಿ. ಏರ್‌ಫೈಬರ್‌ನಲ್ಲಿ ತಾರಸಿಯ ಡಬ್ಬಿಗೂ ಕರೆಂಟ್ ಬೇಕು. ಅದು ನೆಟ್‌ವರ್ಕ್ ಕೇಬಲ್‌ನಲ್ಲೇ ಮೇಲಕ್ಕೆ ಹೋಗುತ್ತದೆ, ಅದರ ಅಡಾಪ್ಟರ್‌ನ ವೋಲ್ಟ್ ಬೇರೆ. 12 ವೋಲ್ಟ್‌ನ ಮಿನಿ ಯುಪಿಎಸ್ ಅದಕ್ಕೆ ಸಾಕಾಗುವುದಿಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದರೆ ತೊಂದರೆ ಇಲ್ಲ, ಇಲ್ಲದಿದ್ದರೆ ಆ ಖರ್ಚನ್ನೂ ಏರ್‌ಫೈಬರ್ ಲೆಕ್ಕಕ್ಕೆ ಸೇರಿಸಿ.

ಸಿಡಿಲಿನ ವಿಷಯದಲ್ಲಿ ಫೈಬರ್ ಮೇಲು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಎಳೆಯ ಜೊತೆ ಬಲಕ್ಕೆ ಅಂತ ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗಿನ ಕೊಕ್ಕೆಯಲ್ಲೇ ಕತ್ತರಿಸಿ ಕಟ್ಟಿಸಿ, ಒಳಗೆ ಬರಲು ಬಿಡಬೇಡಿ. ತಾರಸಿಯ ಡಬ್ಬಿಯಿಂದ ಇಳಿಯುವ ಕೇಬಲ್ ಮಾತ್ರ ತಾಮ್ರದ್ದು. ಗುಡುಗು ಶುರುವಾಗುವ ಮುಂಚೆಯೇ ಅದರ ಅಡಾಪ್ಟರ್ ಕೀಳುವ ಅಭ್ಯಾಸ ಮಾಡಿಕೊಳ್ಳಬೇಕು. ಟಿವಿ, ಕಂಪ್ಯೂಟರ್‌ಗಳ ಕೇಬಲ್ ಅದೇ ರೌಟರ್‌ಗೆ ಸೇರಿದ್ದರೆ ಅವನ್ನೂ ಕೀಳಿ.

ದುಡ್ಡಿನ ಲೆಕ್ಕ

2023ರ ಸೆಪ್ಟೆಂಬರ್‌ನಲ್ಲಿ ಜಿಯೋ ಏರ್‌ಫೈಬರ್ ಬೆಂಗಳೂರೂ ಸೇರಿ ಎಂಟು ನಗರಗಳಲ್ಲಿ ಶುರುವಾದಾಗ, ನೂರು ಎಂಬಿಪಿಎಸ್ ಪ್ಲಾನ್‌ಗೆ ತಿಂಗಳಿಗೆ 899 ರೂಪಾಯಿ ಇತ್ತು. ಅದೇ ಕಂಪನಿಯ ಫೈಬರ್‌ನಲ್ಲಿ ನೂರಕ್ಕೆ 699. ಎರಡರ ಮೇಲೂ 18% ಜಿಎಸ್‌ಟಿ. ಅಂದರೆ ಕೈಯಿಂದ ಹೋಗುವುದು ಸುಮಾರು 1,061 ಮತ್ತು 825. ವರ್ಷಕ್ಕೆ 2,800 ರೂಪಾಯಿಗೂ ಹೆಚ್ಚು ಅಂತರ. ಏರ್‌ಫೈಬರ್‌ನ ಆ ದರದಲ್ಲಿ ಟಿವಿ ಚಾನೆಲ್ ಮತ್ತು ಕೆಲವು ಓಟಿಟಿ ಸೇರಿದ್ದವು, 699ರಲ್ಲಿ ಇರಲಿಲ್ಲ. ಕೇಬಲ್ ಟಿವಿಗೆ ನೀವು ಬೇರೆ ದುಡ್ಡು ಕೊಡುತ್ತಿದ್ದರೆ ಅಂತರ ಅಲ್ಲೇ ಮುಚ್ಚಿಹೋಗಬಹುದು. ದರಗಳು ಬದಲಾಗುತ್ತಲೇ ಇರುತ್ತವೆ, ಇವತ್ತಿನದನ್ನು ಆ್ಯಪ್‌ನಲ್ಲಿ ನೋಡಿ ಇದೇ ರೀತಿ ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿ. ಲೋಕಲ್ ಕೇಬಲ್‌ನವರಲ್ಲಿ "ಜಿಎಸ್‌ಟಿ ಸೇರಿಸಿ ಎಷ್ಟು? ಡಬ್ಬಿ ನಮ್ಮದಾ, ವಾಪಸ್ ಕೊಡಬೇಕಾ?" ಅಂತ ಕೇಳಿ. ಆರು ತಿಂಗಳು, ವರ್ಷದ್ದು ಒಟ್ಟಿಗೆ ಕಟ್ಟಿದರೆ ಅಳವಡಿಕೆ ಉಚಿತ ಅನ್ನುತ್ತಾರೆ. ಮೊದಲ ಸಲ ಒಂದೇ ತಿಂಗಳದ್ದು ಕಟ್ಟಿ, ಅಳವಡಿಕೆಗೆ ದುಡ್ಡು ಹೋದರೂ ಪರವಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಸರಿಯಿಲ್ಲ ಅಂತ ಹತ್ತನೇ ದಿನ ಗೊತ್ತಾದರೆ ಉಳಿದ ಹನ್ನೊಂದು ತಿಂಗಳು ಅದರ ಜೊತೆ ಒದ್ದಾಡುವುದು ತಪ್ಪುತ್ತದೆ.

ಅಕ್ಕನ ಮನೆಗೆ ಯಾವುದು?

ಫೈಬರ್. ಮಗಳ ಕೆಲಸಕ್ಕೆ ಅಪ್‌ಲೋಡ್ ಮತ್ತು ಸ್ಥಿರತೆ ಬೇಕು, ರಾತ್ರಿ ಹೊತ್ತು 5ಜಿ ಬಹಳ ಇಳಿಯುತ್ತದೆ, ಲೈನ್ ಹುಡುಗ ಊರಲ್ಲೇ ಇದ್ದಾನೆ. ಹಲಸಿನ ಮರದ ಅಪಾಯ ಒಂದು ಉಳಿಯಿತು. ಅದಕ್ಕೆ ಎಳೆಯನ್ನು ರಸ್ತೆಯ ಆಚೆ ಬದಿಯ ಕಂಬದಿಂದ ತಿರುಗಿಸಿ ತರಿಸಿದೆವು. ನಲವತ್ತು ಮೀಟರ್ ಎಪ್ಪತ್ತಾಯಿತು, ಹೆಚ್ಚುವರಿ ಕೇಬಲ್‌ಗೆ ಸ್ವಲ್ಪ ದುಡ್ಡು ಹೋಯಿತು. ಫೈಬರ್‌ಗೆ ಮೂವತ್ತು ಮೀಟರ್ ಜಾಸ್ತಿಯಾದರೆ ವೇಗ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ನಾಲ್ಕು ದಿನ ಹೋಗುವಂಥ ಸಂದರ್ಭಕ್ಕೆ ಮಗಳ ಫೋನಿನ 5ಜಿ ಹಾಟ್‌ಸ್ಪಾಟ್ ಇದ್ದೇ ಇದೆ. ತಾರಸಿಯ ಮೂಲೆಯಲ್ಲಿ ಎಲ್ಲಿ ಕೂತರೆ ಚೆನ್ನಾಗಿ ಬರುತ್ತದೆ ಅಂತ ಈಗ ಅವಳಿಗೆ ಗೊತ್ತು.

ಅದೇ ಊರಿನಲ್ಲಿ ಬಿ.ಎಚ್. ರಸ್ತೆಯ ಮೇಲೆ ಮೂರನೇ ಮಹಡಿಯಲ್ಲಿ ಬಾಡಿಗೆಗಿರುವ ನನ್ನ ಗೆಳೆಯನಿಗೆ ಏರ್‌ಫೈಬರ್‌ಗೇ ಹೋಗು ಅಂದೆ. ಗೋಡೆ ಕೊರೆಯಲು ಮನೆ ಮಾಲೀಕರು ಒಪ್ಪಲಿಲ್ಲ. ಟವರ್ ಕಣ್ಣಿಗೆ ಕಾಣುತ್ತದೆ, ರಾತ್ರಿಯೂ 150 ಬರುತ್ತದೆ. ಅವನ ಮನೆಯಲ್ಲಿ ಟಿವಿ ಮತ್ತು ಫೋನ್ ಬಿಟ್ಟರೆ ಬೇರೆ ಬಳಕೆಯಿಲ್ಲ. ವರ್ಷದೊಳಗೆ ಮನೆ ಬದಲಿಸುವ ಯೋಚನೆಯೂ ಇದೆ. ಅವನ ಮನೆಗೆ ಫೈಬರ್ ಹಾಕಿಸುವುದು ಸುಮ್ನೆ ಖರ್ಚು.

ನಿಮ್ಮಲ್ಲಿ ಅಂಗಡಿ ಅಥವಾ ತೋಟದ ಕ್ಯಾಮೆರಾದ ಡಿವಿಆರ್ ಅನ್ನು ಹೊರಗಿನಿಂದ ನೇರವಾಗಿ ಐಪಿ ವಿಳಾಸ ಹಾಕಿ ತೆರೆಯುವ ಅಭ್ಯಾಸ ಇದ್ದರೆ ಮಾತ್ರ ಒಂದು ಹೆಚ್ಚಿನ ಪ್ರಶ್ನೆ ಇದೆ. 5ಜಿಯಲ್ಲಿ ನಿಮಗೆ ಅಂತ ಪ್ರತ್ಯೇಕ ಐಪಿವಿ4 ವಿಳಾಸ ಸಾಮಾನ್ಯವಾಗಿ ಸಿಗುವುದಿಲ್ಲ, ನೂರಾರು ಮನೆ ಒಂದನ್ನೇ ಹಂಚಿಕೊಳ್ಳುತ್ತವೆ. ಫೈಬರ್‌ನಲ್ಲೂ ಬಹಳ ಕಡೆ ಹಾಗೇ. ಆದರೆ ಕೇಳಿದರೆ, ಹೆಚ್ಚು ದುಡ್ಡಿಗೆ ಸ್ಟ್ಯಾಟಿಕ್ ಐಪಿ ಕೊಡುವವರಿದ್ದಾರೆ. ಕ್ಯಾಮೆರಾ ಕಂಪನಿಯ ಆ್ಯಪ್‌ನಲ್ಲಿ ನೋಡುವವರಿಗೆ ಈ ಚಿಂತೆ ಇಲ್ಲ.

ಅಳವಡಿಸುವ ದಿನ ಮನೆಯಲ್ಲೇ ಇರಿ

ಫೈಬರ್ ಆದರೆ, ಕೊನೆಯ ತುದಿಯನ್ನು ಎರಡು ರೀತಿ ಜೋಡಿಸುತ್ತಾರೆ. ಒಂದು ಮೆಷಿನ್‌ನಲ್ಲಿ ಬೆಸೆಯುವುದು. ಇನ್ನೊಂದು ಫಾಸ್ಟ್ ಕನೆಕ್ಟರ್ ಅಂತ, ಕೈಯಲ್ಲೇ ಒತ್ತಿ ಕೂರಿಸುವುದು. ಬೆಸೆದದ್ದೇ ಬಾಳಿಕೆ ಬರುತ್ತದೆ, ಅದನ್ನೇ ಕೇಳಿ. ಆಮೇಲೆ ಪವರ್ ಮೀಟರ್ ಹಚ್ಚಿಸಿ ಅಂಕಿ ತೋರಿಸಲು ಹೇಳಿ. ಮನೆಗೆ ತಲುಪುವ ಬೆಳಕು -15ರಿಂದ -25 ಡಿಬಿಎಂ ಒಳಗೆ ಇದ್ದರೆ ಸರಿ. -27ರ ಹತ್ತಿರ ಹೋದರೆ ಇವತ್ತು ನಡೆದರೂ ಮಳೆಗಾಲದಲ್ಲಿ ಆಗಾಗ ಕಟ್ ಆಗುತ್ತದೆ. ಅಕ್ಕನ ಮನೆಯಲ್ಲಿ ಮೊದಲು ಫಾಸ್ಟ್ ಕನೆಕ್ಟರ್ ಹಾಕಿದಾಗ ಮೀಟರ್‌ನಲ್ಲಿ -26.4 ಬಂತು. ಇಂಟರ್ನೆಟ್ ಬರುತ್ತಿತ್ತು, ಸ್ಪೀಡ್ ಟೆಸ್ಟ್ ಕೂಡ 96 ತೋರಿಸಿತು. ಹುಡುಗ ಚೀಲ ಕಟ್ಟಲು ಶುರು ಮಾಡಿದ್ದ. "ಇದು ಅಂಚಿನಲ್ಲಿದೆ ಅಲ್ವಾ, ಒಂದ್ಸಲ ಬೆಸೆದು ನೋಡಪ್ಪ" ಅಂದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ, ತುದಿ ಕತ್ತರಿಸಿ, ಸ್ಪಿರಿಟ್‌ನಿಂದ ಒರೆಸಿ, ಮೆಷಿನ್‌ನಲ್ಲಿಟ್ಟು ಬೆಸೆದ. -21.8 ಬಂತು. ಹತ್ತು ನಿಮಿಷದ ಕೆಲಸ. ಎಳೆಯನ್ನು ಗೋಡೆಯ ಮೂಲೆಯಲ್ಲಿ ಚೂಪಾಗಿ ಮಡಿಸಲು ಬಿಡಬೇಡಿ, ಬಳೆಯಷ್ಟು ಅಗಲದ ತಿರುವು ಇರಲಿ. ಕಿಟಕಿ ಸಂದಿಯಲ್ಲಿ ಸಿಕ್ಕಿಕೊಂಡರೆ ಬೆಳಕು ಅಲ್ಲೇ ಸೋರುತ್ತದೆ. ಒಳಗೆ ಬರುವ ಮುಂಚೆ ಹೊರಗೆ ಒಂದು ಜೋಲು ಬಿಡಿಸಿ. ಮಳೆನೀರು ಅಲ್ಲಿಂದ ತೊಟ್ಟಿಕ್ಕಿ ಹೋಗುತ್ತದೆ, ಎಳೆ ಹಿಡಿದು ಮನೆಯೊಳಗೆ ಬರುವುದಿಲ್ಲ.

ಮುಂದೆ ಹೋದಾಗ ಏನು ನೋಡಬೇಕು ಅನ್ನುವುದನ್ನೂ ಅವತ್ತೇ ಮನೆಯವರಿಗೆ ತೋರಿಸಿ. ಡಬ್ಬಿಯ ಮೇಲೆ `LOS` ಅನ್ನುವ ದೀಪ ಕೆಂಪಗೆ ಮಿನುಗಿದರೆ ಬೆಳಕೇ ಬರುತ್ತಿಲ್ಲ, ಎಲ್ಲೋ ತುಂಡಾಗಿದೆ ಅಥವಾ ಸಡಿಲಾಗಿದೆ. ರೌಟರ್ ಹತ್ತು ಸಲ ಆಫ್ ಆನ್ ಮಾಡಿದರೂ ಪ್ರಯೋಜನ ಇಲ್ಲ, ಲೈನ್ ಹುಡುಗನಿಗೇ ಫೋನ್ ಮಾಡಬೇಕು. `PON` ಹಸಿರಾಗಿ ನಿಂತೇ ಇದ್ದು ಇಂಟರ್ನೆಟ್ ಇಲ್ಲ ಅಂದರೆ ತಂತಿ ಸರಿಯಿದೆ. ತೊಂದರೆ ಅವರ ಆಫೀಸಿನಲ್ಲಿ, ಅಥವಾ ಪ್ಲಾನ್ ಮುಗಿದಿದೆ. ಅಕ್ಕ ಈಗ ಫೋನ್ ಮಾಡಿ "ನೆಟ್ ಬರ್ತಿಲ್ಲ" ಅನ್ನುವುದಿಲ್ಲ, "ಎಲ್‌ಓಎಸ್ ಕೆಂಪು ಬಂದಿದೆ" ಅನ್ನುತ್ತಾಳೆ. ಹುಡುಗ ಏಣಿ ಮತ್ತು ಮೆಷಿನ್ ಜೊತೆಗೇ ಬರುತ್ತಾನೆ.

ಏರ್‌ಫೈಬರ್ ಆದರೆ, ನೀವು ಅಳೆದ ಮೂಲೆಯಲ್ಲೇ ಡಬ್ಬಿ ಕೂರಿಸಿ. ಕೂರಿಸುವವರ ಫೋನಿನಲ್ಲಿ ಬರುವ ಸಿಗ್ನಲ್ ಅಂಕಿಯ ಫೋಟೋ ತೆಗೆದಿಟ್ಟುಕೊಳ್ಳಿ. ಗಾಳಿಗೆ ಪೈಪ್ ತಿರುಗದಂತೆ ಎರಡು ಕಡೆ ಕ್ಲಾಂಪ್ ಇರಲಿ. ಆರು ತಿಂಗಳ ನಂತರ ವೇಗ ಇಳಿದಾಗ, ಸಿಗ್ನಲ್ ಅಂಕಿ ಆ ಫೋಟೋದಲ್ಲಿ ಇರುವಷ್ಟೇ ಇದೆಯಾ ಅಂತ ಮೊದಲು ನೋಡಿ. ಅಷ್ಟೇ ಇದ್ದರೆ ಟವರ್ ತುಂಬಿದೆ, ಡಬ್ಬಿ ಬದಲಿಸಿದರೂ ಉಪಯೋಗ ಇಲ್ಲ, ಆಗ ಫೈಬರ್ ಕಡೆಗೆ ಯೋಚನೆ ಮಾಡಬೇಕು. ಅಂಕಿಯೇ ಇಳಿದಿದ್ದರೆ ಡಬ್ಬಿ ತಿರುಗಿದೆ, ಇಲ್ಲವೇ ಎದುರಿಗೆ ಮರ ಬೆಳೆದಿದೆ ಅಥವಾ ಹೊಸ ಕಟ್ಟಡ ಎದ್ದಿದೆ. ಅದಕ್ಕೆ ಪೈಪ್ ಎತ್ತರಿಸಿದರೆ ಸಾಕಾಗಬಹುದು.